ಪೀಪಾಯಿಯ ನೀಲಿಯನ್ನು ಅಳೆಯುವ ಬಗೆ
ಮೈಲುತುತ್ತದ ಮೂಲದ್ರಾವಣದ ಸಾಂದ್ರತೆಯನ್ನು ಛಾಯಾಚಿತ್ರದಿಂದ ಅಂದಾಜು ಮಾಡುವುದು

ಅಥಣಿ ಮತ್ತು ಕಾಗವಾಡ ಸೀಮೆಯ ದ್ರಾಕ್ಷಿ ತೋಟಗಳಲ್ಲಿ ಅಕ್ಟೋಬರ್ ಚಾಟ್ನಿಯ ಸುಮಾರಿಗೆ, ಪಂಪ್‌ಮನೆಯ ಮೂಲೆಯಲ್ಲಿ ನೀಲಿ ದ್ರಾವಣ ತುಂಬಿದ ಪ್ಲಾಸ್ಟಿಕ್ ಪೀಪಾಯಿಯೊಂದು ನಿಂತಿರುವುದು ಸಾಮಾನ್ಯವಾದ ನೋಟ. ಮರಾಠಿ ಬಲ್ಲವರು ಮೋರಚೂದವೆಂದೂ ನಾವು ಮೈಲುತುತ್ತವೆಂದೂ ಕರೆಯುವ ತಾಮ್ರದ ಲವಣವನ್ನು ಹತ್ತು ಕಿಲೋ ಕರಗಿಸಿ, ಒಟ್ಟು ನೂರು ಲೀಟರಾಗುವಂತೆ ನೀರು ಸೇರಿಸಿಟ್ಟರೆ, ಬೋರ್ಡೋ ದ್ರಾವಣ ಬೇಕಾದಾಗಲೆಲ್ಲ ಅದರಿಂದ ಹತ್ತು ಲೀಟರನ್ನು ಅಳೆದು ತೆಗೆದು, ಒಂದು ಕಿಲೋ ಸುಣ್ಣದಿಂದ ಮಾಡಿದ ತೊಂಬತ್ತು ಲೀಟರ್ ಸುಣ್ಣದ ತಿಳಿಹಾಲಿಗೆ ಸೇರಿಸಿದರಾಯಿತು. ಶೇಕಡಾ ಒಂದರ ಸಿಂಪರಣೆ ಸಿದ್ಧವಾಗುತ್ತದೆ. ನಿಪ್ಪಾಣಿಯ ಕಡೆ ತಂಬಾಕಿನ ಸಸಿಮಡಿಗಳಿಗೆ, ಚಿಕ್ಕೋಡಿ, ರಾಯಬಾಗಗಳಲ್ಲಿ ತರಕಾರಿಗೆ ಬೋರ್ಡೋ ಬಳಸುವವರಿಗೂ ಇದೇ ಲೆಕ್ಕವು ಅನ್ವಯಿಸುತ್ತದೆ.

ಆದರೆ ಈ ಲೆಕ್ಕವೆಲ್ಲವೂ ಪೀಪಾಯಿಯಲ್ಲಿರುವುದು ನಿಜವಾಗಿಯೂ ಶೇಕಡಾ ಹತ್ತರ ದ್ರಾವಣವೆಂಬ ನಂಬಿಕೆಯ ಮೇಲೆ ನಿಂತಿದೆ. ಮುಚ್ಚಳ ಸಡಿಲವಾಗಿ ಬೇಸಿಗೆಯಲ್ಲಿ ನೀರು ಆವಿಯಾದರೆ ದ್ರಾವಣವು ಗಟ್ಟಿಯಾಗುತ್ತದೆ. ಮಳೆಯ ನೀರು ಸೇರಿದರೆ ತೆಳುವಾಗುತ್ತದೆ. ಆಳುಗಳು ಮಧ್ಯೆ ಒಂದು ಚೀಲ ಸುರಿದರೋ ಎರಡು ಬಕೆಟ್ ನೀರು ಹಾಕಿದರೋ ಎಂಬುದು ಯಾರಿಗೂ ನೆನಪಿರುವುದಿಲ್ಲ. ಬೋರ್ಡೋವನ್ನು ಪರೀಕ್ಷಿಸಲು ನಾವು ಬಲ್ಲ ಚೂರಿಯ ಪರೀಕ್ಷೆಯೂ ಇಲ್ಲಿ ನೆರವಿಗೆ ಬಾರದು. ಶುಭ್ರವಾದ ಕಬ್ಬಿಣದ ಚೂರಿಯನ್ನು ಸಿದ್ಧ ದ್ರಾವಣದಲ್ಲಿ ಅದ್ದಿದಾಗ ಅದರ ಮೇಲೆ ಕೆಂಪು ತಾಮ್ರದ ಲೇಪ ಕೂರುವುದಾದರೆ ಸುಣ್ಣ ಸಾಲದೆಂದು ತಿಳಿಯುತ್ತದೆಯೇ ಹೊರತು, ಅದರಲ್ಲಿ ತಾಮ್ರವು ಎಷ್ಟಿದೆ ಎಂಬುದು ತಿಳಿಯುವುದಿಲ್ಲ. ತಾಮ್ರ ಕಡಿಮೆಯಾದರೆ ಬೂಜು ತುಪ್ಪಟ ರೋಗಕ್ಕೆ ಸಿಂಪರಣೆ ಸಾಲದು. ಹೆಚ್ಚಾದರೆ ಎಳೆಯ ಎಲೆಗಳು ಸುಟ್ಟಂತಾಗುವುವು. ಆದುದರಿಂದ ಸಿಂಪರಣೆಯ ಹಿಂದಿನ ದಿನ ಪೀಪಾಯಿಯ ಬಲವನ್ನು ಅಳೆದುಕೊಳ್ಳುವುದು ಯುಕ್ತ. ಅದಕ್ಕೆ ಬೇಕಾದ ಸಲಕರಣೆ ಒಂದು ಮೊಬೈಲು, ಚಿನ್ನ ತೂಗುವಂಥ ಚಿಕ್ಕ ತಕ್ಕಡಿ, ಹತ್ತು ಮಿಲಿಲೀಟರ್ ಸಿರಿಂಜು, ಐವತ್ತು ಮಿಲಿಲೀಟರ್ ಅಳತೆಯ ಜಾಡಿ ಮತ್ತು ಒಂದೇ ಅಚ್ಚಿನ ಎಂಟು ಚಿಕ್ಕ ಗಾಜಿನ ಶೀಷೆಗಳು, ಇಷ್ಟೇ.

ಬಣ್ಣವು ಅಳತೆಯಾಗುವುದು ಹೇಗೆ

ಮೈಲುತುತ್ತದ ದ್ರಾವಣವು ನೀಲಿಯಾಗಿ ಕಾಣುವುದು, ಅದರ ಮೂಲಕ ಹಾದುಹೋಗುವ ಬಿಳಿಯ ಬೆಳಕಿನಲ್ಲಿರುವ ಕೆಂಪಿನ ಭಾಗವನ್ನು ತಾಮ್ರವು ಹೀರಿಕೊಳ್ಳುವುದರಿಂದ. ತಾಮ್ರವು ಹೆಚ್ಚಿದಷ್ಟೂ, ಬೆಳಕು ಹಾಯುವ ದ್ರಾವಣದ ದಪ್ಪವು ಹೆಚ್ಚಿದಷ್ಟೂ, ಹೀರಿಕೆಯು ಹೆಚ್ಚುತ್ತದೆ. ಈ ಎರಡರ ಸಂಬಂಧವನ್ನು 1852ರಲ್ಲಿ ಜರ್ಮನಿಯ ಆಗಸ್ಟ್ ಬೇರ್ ಸ್ಪಷ್ಟಪಡಿಸಿದನು. ಇದರಿಂದ ನಮಗೆ ಎರಡು ಸಂಗತಿಗಳು ತಿಳಿಯುತ್ತವೆ. ಒಂದು, ಹೋಲಿಸಬೇಕಾದ ಶೀಷೆಗಳೆಲ್ಲವೂ ಒಂದೇ ದಪ್ಪದವಾಗಿರತಕ್ಕದ್ದು. ಎರಡು, ಮೊಬೈಲಿನ ಚಿತ್ರದಲ್ಲಿ ಪ್ರತಿಯೊಂದು ಬಿಂದುವಿಗೂ ಇರುವ ಕೆಂಪು, ಹಸಿರು, ನೀಲಿ ಎಂಬ ಮೂರು ಅಂಕಿಗಳಲ್ಲಿ, ನಾವು ನೋಡಬೇಕಾದುದು ಕೆಂಪಿನ ಅಂಕಿಯನ್ನು, ಅಂದರೆ R ಎಂದು ತೋರುವುದನ್ನು. ದ್ರಾವಣ ನೀಲಿಯೆಂದು ನೀಲಿಯ ಅಂಕಿಯನ್ನು ನೋಡಿದರೆ ಅದು ಎಲ್ಲ ಶೀಷೆಗಳಲ್ಲಿಯೂ ಬಹುಮಟ್ಟಿಗೆ ಒಂದೇ ಇರುವುದನ್ನು ಕಂಡು ಬೆರಗಾಗಬೇಕಾದೀತು.

ಈ ಅಂಕಿಗಳನ್ನು ನಂಬಿ ನೇರವಾಗಿ ಸೂತ್ರಕ್ಕೆ ಹಾಕಲಾಗದು. ಕ್ಯಾಮೆರಾವು ಬೆಳಕನ್ನು ಇದ್ದಂತೆಯೇ ಬರೆದಿಡುವುದಿಲ್ಲ; ಕಣ್ಣಿಗೆ ಹಿತವಾಗುವಂತೆ ತಿದ್ದಿ ಬರೆಯುತ್ತದೆ, ಬಿಳಿಯು ಯಾವುದೆಂದು ತಾನೇ ನಿರ್ಧರಿಸುತ್ತದೆ. ಹಾಗಾಗಿ ನಿನ್ನೆಯ ಚಿತ್ರದ ಅಂಕಿಯನ್ನು ಇಂದಿನ ಚಿತ್ರದ ಅಂಕಿಯೊಡನೆ ಹೋಲಿಸುವುದು ವ್ಯರ್ಥ. ತಿಳಿದ ಸಾಂದ್ರತೆಯ ಶ್ರೇಣಿಯನ್ನೂ ತಿಳಿಯದ ದ್ರಾವಣವನ್ನೂ ಒಂದೇ ಸಾಲಿನಲ್ಲಿಟ್ಟು, ಒಂದೇ ಕ್ಷಣದಲ್ಲಿ, ಒಂದೇ ಚಿತ್ರದಲ್ಲಿ ಹಿಡಿದಾಗ ಮಾತ್ರ, ಕ್ಯಾಮೆರಾ ಮಾಡುವ ತಿದ್ದುಪಡಿಯು ಎಲ್ಲಕ್ಕೂ ಸಮನಾಗಿ ತಗಲಿ, ಹೋಲಿಕೆಯು ಸತ್ಯವಾಗುತ್ತದೆ.

ಶ್ರೇಣಿಯನ್ನು ಸಿದ್ಧಪಡಿಸುವ ಕ್ರಮ

ಮೊದಲು ಪ್ರಮಾಣದ್ರಾವಣ. ಕಡು ನೀಲಿಯ, ಹರಳಾದ ಮೈಲುತುತ್ತವನ್ನೇ ಆರಿಸಬೇಕು; ಮೇಲೆ ಬಿಳಿಯ ಪುಡಿಯು ಕಟ್ಟಿರುವ ಹರಳಿನಲ್ಲಿ ನೀರಿನ ಅಂಶ ಹೋಗಿರುವುದರಿಂದ, ಅದೇ ತೂಕಕ್ಕೆ ತಾಮ್ರವು ಹೆಚ್ಚು ಬಂದುಬಿಡುತ್ತದೆ. ಅಂಥ ಹರಳಿನಿಂದ 10 ಗ್ರಾಂ ತೂಗಿ, ಸ್ವಲ್ಪ ನೀರಿನಲ್ಲಿ ಕರಗಿಸಿ, ಒಟ್ಟು 100 ಮಿಲಿಲೀಟರ್ ಆಗುವಂತೆ ತುಂಬಬೇಕು. ಇಲ್ಲಿ ಬಳಸುವ ನೀರು ಬೋರಿನದಾಗಿರಬಾರದು. ಕರಿಮಣ್ಣಿನ ಸೀಮೆಯ ಗಡಸು ನೀರಿನಲ್ಲಿರುವ ಕ್ಷಾರದ ಅಂಶವು ತಾಮ್ರದೊಡನೆ ಕೂಡಿ ಮಸುಕನ್ನುಂಟುಮಾಡಬಹುದು. ಮಸುಕಿದ ದ್ರಾವಣವು ಬೆಳಕನ್ನು ಚೆದರಿಸುವುದರಿಂದ ಅದರ ಬಣ್ಣದ ಅಂಕಿ ಸುಳ್ಳಾಗುತ್ತದೆ. ಬಟ್ಟಿಯಿಳಿಸಿದ ನೀರು ಅಥವಾ ಶುದ್ಧೀಕರಣ ಘಟಕದ ಕುಡಿಯುವ ನೀರು ಉತ್ತಮ.

ಆಮೇಲೆ ಸಿರಿಂಜಿನಿಂದ ಈ ಪ್ರಮಾಣದ್ರಾವಣವನ್ನು 5, 7.5, 10, 12.5 ಮತ್ತು 15 ಮಿಲಿಲೀಟರಿನಂತೆ ಒಂದೊಂದಾಗಿ ಅಳತೆಯ ಜಾಡಿಗೆ ಹಾಕಿ, ಪ್ರತಿಯೊಂದನ್ನೂ ನೀರಿನಿಂದ 50 ಮಿಲಿಲೀಟರಿಗೆ ಪೂರೈಸಿ, ಬೇರೆ ಬೇರೆ ಶೀಷೆಗಳಲ್ಲಿ ತುಂಬಿ ಅಂಕಿ ಬರೆಯಬೇಕು. ಪೀಪಾಯಿಯನ್ನು ಕೋಲಿನಿಂದ ತಳದವರೆಗೂ ಚೆನ್ನಾಗಿ ಕಲಕಿದ ಬಳಿಕವೇ ಅದರಿಂದ 10 ಮಿಲಿಲೀಟರನ್ನು ತೆಗೆದು, ಅದನ್ನೂ 50 ಮಿಲಿಲೀಟರಿಗೆ ತುಂಬಿ, ಎರಡು ಶೀಷೆಗಳಿಗೆ ಹಂಚಬೇಕು. ಮಳೆಯ ನೀರು ಹಗುರವಾಗಿ ಮೇಲೆಯೇ ನಿಂತಿರಬಹುದಾದ್ದರಿಂದ ಕಲಕದೆ ಮೇಲಿನ ಭಾಗವನ್ನು ತೆಗೆದರೆ, ಇಡೀ ಪೀಪಾಯಿಯು ತೆಳುವಾದಂತೆ ತೋರಿ, ತಳದಲ್ಲಿ ಗಟ್ಟಿ ದ್ರಾವಣವು ಹಾಗೆಯೇ ಉಳಿದುಕೊಳ್ಳುತ್ತದೆ. ಎಂಟನೆಯ ಶೀಷೆಯಲ್ಲಿ ಬರಿಯ ನೀರಿರಲಿ.

ಪೀಪಾಯಿಯ 10 ಮಿಲಿಲೀಟರ್ ಯಾವ ಶೀಷೆಗೆ ಸರಿಹೊಂದುತ್ತದೆಯೋ, ಆ ಶೀಷೆಗೆ ಹಾಕಿದ ಮಿಲಿಲೀಟರಿನ ಸಂಖ್ಯೆಯೇ ಪೀಪಾಯಿಯ ಶೇಕಡಾ ಸಾಂದ್ರತೆಯಾಗುವುದು ಈ ಏರ್ಪಾಡಿನ ಅನುಕೂಲ. ಬೇರೆ ಗುಣಾಕಾರವು ಬೇಡ.

ಚಿತ್ರ ತೆಗೆಯುವುದೂ ಓದುವುದೂ

ಶೀಷೆಗಳನ್ನು ಮನೆಯ ಪಡಸಾಲೆಯಲ್ಲಿ, ನೇರ ಬಿಸಿಲು ಬೀಳದ, ಆದರೆ ಹಗಲಿನ ಬೆಳಕು ಸಮವಾಗಿ ಹರಡಿರುವ ಕಡೆ, ಬಿಳಿಯ ಹಾಳೆಯ ಮುಂದೆ ಸಾಲಾಗಿ ನಿಲ್ಲಿಸಬೇಕು. ಪೀಪಾಯಿಯ ಎರಡು ಶೀಷೆಗಳಲ್ಲಿ ಒಂದನ್ನು ಎಡತುದಿಗೂ ಮತ್ತೊಂದನ್ನು ಬಲತುದಿಗೂ ಇಡುವುದಕ್ಕೆ ಕಾರಣವುಂಟು: ಒಂದೇ ದ್ರಾವಣದ ಎರಡು ಅಂಕಿಗಳು ಪರಸ್ಪರ ಕೂಡದಿದ್ದರೆ ಬೆಳಕು ಒಂದು ಕಡೆಯಿಂದ ಹೆಚ್ಚು ಬೀಳುತ್ತಿದೆಯೆಂದು ತಿಳಿದು, ಜಾಗವನ್ನು ಬದಲಿಸಬೇಕು. ಫ್ಲಾಷ್ ಆರಿಸಿ, ಚಿತ್ರವನ್ನು ಅಂದಗಾಣಿಸುವ ಏರ್ಪಾಡುಗಳಿದ್ದರೆ ಅವನ್ನೂ ನಿಲ್ಲಿಸಿ, ಒಂದು ಮಾರು ದೂರದಿಂದ ಎಲ್ಲ ಶೀಷೆಗಳೂ ನೇರವಾಗಿ ಕಾಣುವಂತೆ ಚಿತ್ರವನ್ನು ತೆಗೆಯಬೇಕು. ಬಿಳಿಯ ಹಾಳೆಯ ಅಂಕಿಯು 255 ತೋರಿದರೆ ಬೆಳಕು ಹೆಚ್ಚಾಗಿ ಬಿಳುಪು ತುಂಬಿಹೋಗಿದೆಯೆಂದರ್ಥ. ಅದು 200ರಿಂದ 230ರೊಳಗೆ ಇರುವಂತೆ ನೋಡಿಕೊಳ್ಳಬೇಕು. ಬಳಿಕ ಬಣ್ಣದ ಅಂಕಿಯನ್ನು ತೋರಿಸುವ ಯಾವುದಾದರೂ ಸಾಧನದಿಂದ, ಪ್ರತಿ ಶೀಷೆಯ ನಡುಭಾಗದಲ್ಲಿ, ಗಾಜಿನ ಹೊಳಪಿಲ್ಲದ ಕಡೆ, ಮೂರು ಬಿಂದುಗಳ R ಅಂಕಿಯನ್ನು ಓದಿ ಸರಾಸರಿ ತೆಗೆಯಬೇಕು.

ಒಂದು ಲೆಕ್ಕ

ಮಳೆಗಾಲವನ್ನು ಕಳೆದ ಅಥಣಿಯ ಒಂದು ತೋಟದ ಪೀಪಾಯಿಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಚಿತ್ರದಲ್ಲಿ ಬರಿಯ ನೀರಿನ ಅಂಕಿ 210. ಐದರ ಶೀಷೆಯದು 185, ಏಳೂವರೆಯದು 174, ಹತ್ತರದು 163, ಹನ್ನೆರಡೂವರೆಯದು 153, ಹದಿನೈದರದು 144. ಪೀಪಾಯಿಯ ಶೀಷೆಗಳು ಎರಡೂ ಕಡೆ 168 ಎಂದು ತೋರುತ್ತವೆ. ಅದು 174 ಮತ್ತು 163ರ ನಡುವೆ ಬಂತು. ಈ ಎರಡರ ಅಂತರ 11, ಅದರಲ್ಲಿ 174ರಿಂದ 168ಕ್ಕೆ ಇಳಿದುದು 6. ಹೀಗೆ ಏಳೂವರೆ ಮತ್ತು ಹತ್ತರ ನಡುವಿನ ಎರಡೂವರೆಯ ಅಂತರದಲ್ಲಿ ಹನ್ನೊಂದರಲ್ಲಿ ಆರು ಪಾಲು, ಅಂದರೆ ಸುಮಾರು 1.4. ಏಳೂವರೆಗೆ ಕೂಡಿದರೆ 8.9. ಪೀಪಾಯಿಯ ಬಲ ಶೇಕಡಾ ಸುಮಾರು 8.9 ಎಂದಾಯಿತು.

ಹಾಗಾದರೆ ಪ್ರತಿ ಲೀಟರಿನಲ್ಲಿ ಮೈಲುತುತ್ತ 89 ಗ್ರಾಂ ಮಾತ್ರ. ಎಂದಿನಂತೆ ಹತ್ತು ಲೀಟರ್ ತೆಗೆದಿದ್ದರೆ 890 ಗ್ರಾಂ ಸಿಕ್ಕುತ್ತಿತ್ತು. ಒಂದು ಕಿಲೋ ಬೇಕಾದರೆ 1000ವನ್ನು 89ರಿಂದ ಭಾಗಿಸಿ, ಸುಮಾರು ಹನ್ನೊಂದೂಕಾಲು ಲೀಟರ್ ತೆಗೆಯಬೇಕು. ಒಂದು ಕಿಲೋ ಸುಣ್ಣದ ತಿಳಿಹಾಲು ಆಗ ಎಂಬತ್ತೆಂಟೂಮುಕ್ಕಾಲು ಲೀಟರಿಗೆ ಇಳಿಯಲಿ. ಒಟ್ಟು ನೂರು ಲೀಟರು ತಪ್ಪದು. ಒಂದುವೇಳೆ ಪೀಪಾಯಿಯು ಆವಿಯಾಗಿ ಶೇಕಡಾ 12ಕ್ಕೆ ಬಂದಿದ್ದರೆ, ಹತ್ತು ಲೀಟರಿನಲ್ಲಿ 1.2 ಕಿಲೋ ಬಂದಂತಾಗುತ್ತಿತ್ತು. ಆಗ ಸುಮಾರು 8.3 ಲೀಟರೇ ಸಾಕು.

ಎಡವುವ ಜಾಗಗಳು

ಅಂಕಿಯನ್ನು ಒಂದೆರಡು ಹೆಚ್ಚುಕಡಿಮೆ ಓದಿದರೂ ಉತ್ತರವು ಅರ್ಧ ಶೇಕಡಾದಷ್ಟು ಸರಿಯಬಹುದು. ಸಿಂಪರಣೆಗೆ ಇದು ಸಾಕು, ಇದಕ್ಕಿಂತ ನಿಖರತೆಯನ್ನು ಈ ವಿಧಾನದಿಂದ ಅಪೇಕ್ಷಿಸಬಾರದು. ಪೀಪಾಯಿಯ ಶೀಷೆಯು ಹದಿನೈದರದಕ್ಕಿಂತ ಕಡುವಾಗಿದ್ದರೆ, ರೇಖೆಯನ್ನು ಮುಂದಕ್ಕೆ ಎಳೆದು ಊಹಿಸುವುದು ತಪ್ಪು; ಪೀಪಾಯಿಯಿಂದ ಹತ್ತರ ಬದಲು ಐದು ಮಿಲಿಲೀಟರ್ ತೆಗೆದು ಮತ್ತೆ ಚಿತ್ರ ತೆಗೆದು, ಬಂದ ಉತ್ತರವನ್ನು ಇಮ್ಮಡಿ ಮಾಡಬೇಕು.

ಬಣ್ಣವು ಹಸಿರಿನ ಕಡೆಗೆ ತಿರುಗಿದ್ದರೆ, ಆ ದ್ರಾವಣದಲ್ಲಿ ತಾಮ್ರದ ಜೊತೆಗೆ ಅನ್ನಭೇದಿಯಂಥ ಕಬ್ಬಿಣದ ಲವಣವು ಕಲೆತಿರಬಹುದೆಂದು ಶಂಕಿಸಬೇಕು. ಪ್ರಮಾಣದ ಶ್ರೇಣಿಯೊಡನೆ ಒಂದೇ ವರ್ಣದಲ್ಲಿದ್ದು ಕಡುಪಿನಲ್ಲಿ ಮಾತ್ರ ಭೇದವಿದ್ದಾಗಲೇ ಈ ಲೆಕ್ಕವು ಸಲ್ಲುತ್ತದೆ. ಮಾಡಿದ ಶ್ರೇಣಿಯು ಸರಿಯೇ ಎಂದು ತಿಳಿಯಲು, ಮನೆಯವರೊಬ್ಬರು ಪ್ರಮಾಣದ್ರಾವಣದ ಎಂಟು ಮಿಲಿಲೀಟರನ್ನು ಐವತ್ತಕ್ಕೆ ತುಂಬಿ ಹೆಸರಿಡದೆ ಕೊಡಲಿ. ನಿಮ್ಮ ಚಿತ್ರವು ಎಂಟರ ಹತ್ತಿರದ ಉತ್ತರವನ್ನು ಕೊಟ್ಟರೆ ಪೀಪಾಯಿಯ ಉತ್ತರವನ್ನೂ ನಂಬಬಹುದು.

ಉಳಿದ ನೀಲಿಯನ್ನು ಹಳ್ಳಕ್ಕೋ ಬಾವಿಗೋ ಸುರಿಯಬಾರದು. ತಾಮ್ರವು ಮೀನಿಗೆ ವಿಷ. ಅದನ್ನು ಮರುದಿನದ ಸಿಂಪರಣೆಯ ತೊಟ್ಟಿಗೆ ಸೇರಿಸಿ. ಶೀಷೆ, ಸಿರಿಂಜುಗಳನ್ನು ಅಡುಗೆಮನೆಗೆ ತರಬೇಡಿ.

ಅಳತೆ ಮುಗಿದ ಮೇಲೆ ಪೀಪಾಯಿಯ ಮೇಲೆ ಶೇಕಡಾ ಸಂಖ್ಯೆಯನ್ನೂ ದಿನಾಂಕವನ್ನೂ ಬರೆದು, ದ್ರಾವಣದ ಮಟ್ಟಕ್ಕೆ ಒಂದು ಗೆರೆಯನ್ನು ಎಳೆಯಿರಿ. ದ್ರಾವಣವನ್ನು ತೆಗೆಯದೆಯೇ ಆ ಗೆರೆಯಿಂದ ಮಟ್ಟವು ಇಳಿದುದನ್ನೋ ಏರಿದುದನ್ನೋ ಕಂಡ ದಿನ, ಹೊಸ ಚಿತ್ರಕ್ಕೆ ಶೀಷೆಗಳನ್ನು ಸಾಲಾಗಿ ಇಡುವ ಹೊತ್ತು ಬಂದಿತೆಂದು ತಿಳಿಯಿರಿ.