ಸರಾಸರಿ ಒಂದೇ, ಕ್ಲಾಸು ಬೇರೆ ಬೇರೆ

ಕಿರುಪರೀಕ್ಷೆ ಮುಗಿದ ಮೇಲೆ “ಕ್ಲಾಸಿನ ಸರಾಸರಿ ಎಷ್ಟು?” ಅಂತ ಎಲ್ಲರೂ ಕೇಳುತ್ತೇವೆ. ಸರಾಸರಿ ಗೊತ್ತಾದರೆ ಎಲ್ಲ ಗೊತ್ತಾದ ಹಾಗೆ ಅಲ್ಲ. ಲೆಕ್ಕಕ್ಕೆಂದು 10 ಮಕ್ಕಳ ಅಂಕಗಳನ್ನು ಕಲ್ಪಿಸಿಕೊಂಡು ನೋಡೋಣ.

ಕನ್ನಡ: 50, 51, 52, 53, 54, 54, 55, 56, 57, 58
ಗಣಿತ: 33, 34, 36, 38, 39, 69, 70, 72, 74, 75

ಎರಡರಲ್ಲೂ ಮೊತ್ತ 540, ಸರಾಸರಿ 54. ಆದರೆ ಗಣಿತದಲ್ಲಿ 54ರ ಹತ್ತಿರ ಒಬ್ಬರೂ ಇಲ್ಲ! 35 ಪಾಸು ಎಂದರೆ ಇಬ್ಬರು ಫೇಲು ಕೂಡ. ಈ ವ್ಯತ್ಯಾಸ ತೋರಿಸುವುದೇ ಮಾನಕ ವಿಚಲನೆ. ಅಂಕಗಳು ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ದೂರ ಚದುರಿವೆ ಎಂದು ಅದು ಹೇಳುತ್ತದೆ.

ಕನ್ನಡದ್ದು ಮಾಡೋಣ. ಪ್ರತಿ ಅಂಕದಿಂದ 54 ಕಳೆಯಿರಿ: -4, -3, -2, -1, 0, 0, 1, 2, 3, 4. ಇವನ್ನು ಹಾಗೇ ಕೂಡಿದರೆ ಸೊನ್ನೆ ಬರುತ್ತೆ, ಕೂಡಿಯೂ ಪ್ರಯೋಜನವಿಲ್ಲ. ಅದಕ್ಕೇ ವರ್ಗ ಮಾಡುವುದು. ಆಗ ಋಣ ಚಿಹ್ನೆ ಹೋಗುತ್ತದೆ. ವರ್ಗಗಳ ಮೊತ್ತ 60. ಹತ್ತರಿಂದ ಭಾಗಿಸಿದರೆ 6. ಆದರೆ ಇದು ಅಂಕ ಅಲ್ಲ, ಅಂಕದ ವರ್ಗ. ಮತ್ತೆ ಅಂಕಕ್ಕೆ ಇಳಿಸಲು ವರ್ಗಮೂಲ ತೆಗೆಯಬೇಕು: ಸುಮಾರು 2.4. ಗಣಿತಕ್ಕೆ ಇದನ್ನೇ ಮಾಡಿದರೆ ಸುಮಾರು 18 ಬರುತ್ತದೆ. (ಬಿಡುವಿನ ಪೀರಿಯಡ್‌ನಲ್ಲಿ ನೀವೇ ಮಾಡಿ ನೋಡಿ. ವರ್ಗಗಳ ಮೊತ್ತ 3292 ಬಂದರೆ ಸರಿ.)

ಹಾಗಾಗಿ 58 ಅಂಕ ಕನ್ನಡದಲ್ಲಿ ಕ್ಲಾಸಿಗೇ ಮೊದಲು. ಗಣಿತದಲ್ಲಿ ಅದೇ 58 ತೆಗೆದವನಿಗಿಂತ ಐದು ಜನ ಮೇಲಿರುತ್ತಾರೆ.

ಇನ್ನು ಮೋಸ ಹೋಗುವ ಜಾಗ. ವಿಜ್ಞಾನದ ಅಂಕಗಳು ಹೀಗಿವೆ ಅಂದುಕೊಳ್ಳಿ: 57, 58, 59, 60, 60, 60, 61, 62, 63, 0. ಸರಾಸರಿ ಮತ್ತೆ 54, ಮಾನಕ ವಿಚಲನೆ ಮತ್ತೆ ಸುಮಾರು 18! ಗಣಿತದ ಹಾಗೇ ಕ್ಲಾಸು ಎರಡು ಹೋಳಾಗಿದೆಯೇ? ಇಲ್ಲ. ಒಬ್ಬ ಜ್ವರ ಬಂದು ಗೈರುಹಾಜರಾಗಿದ್ದ, ರಿಜಿಸ್ಟರಿನಲ್ಲಿ 0 ಬಿತ್ತು, ಅಷ್ಟೆ. ಸರಾಸರಿಯಿಂದ ಅವನ ದೂರ 54, ಅದರ ವರ್ಗ 2916. ಒಟ್ಟು 3268ರಲ್ಲಿ ಉಳಿದ ಒಂಬತ್ತು ಜನರದ್ದು ಬರೀ 352. ವರ್ಗ ಮಾಡುವುದರಿಂದ ದೂರದವರೊಬ್ಬರೇ ಇಡೀ ಲೆಕ್ಕವನ್ನು ಎಳೆದುಬಿಡುತ್ತಾರೆ. ಆ ಸೊನ್ನೆ ತೆಗೆದರೆ ಸರಾಸರಿ 60, ಮಾನಕ ವಿಚಲನೆ 2ಕ್ಕೂ ಕಡಿಮೆ.

ವಿಜ್ಞಾನದಲ್ಲಿ ಬೇಕಾದದ್ದು ಒಬ್ಬನಿಗೆ ಮರುಪರೀಕ್ಷೆ. ಗಣಿತದಲ್ಲಿ ಐದು ಜನರಿಗೆ ಪಾಠವನ್ನೇ ಮತ್ತೆ ಹೇಳಿಕೊಡಬೇಕು. ಎರಡಕ್ಕೂ ಉತ್ತರ ಪುಸ್ತಕದ ಕೊನೆಯಲ್ಲಿ ಬರುವುದು 18 ಎಂದೇ. ದೊಡ್ಡ ಮಾನಕ ವಿಚಲನೆ ಕಂಡ ಕೂಡಲೇ ಅಂಕಗಳನ್ನು ಏರಿಕೆ ಕ್ರಮದಲ್ಲಿ ಬರೆದು ನೋಡಿ. ನಡುವೆ ಖಾಲಿ ಇದೆಯೋ, ತುದಿಯಲ್ಲಿ ಒಬ್ಬನೇ ಇದ್ದಾನೋ ಕಣ್ಣಿಗೇ ಕಾಣುತ್ತದೆ.