ಜಗಳ ದಿನದ್ದಲ್ಲ, ಗಂಟೆಯದ್ದು

ವಾರಕ್ಕೆ ಮೂರು ದಿನ ಆಫೀಸಿಗೆ ಬರಲೇಬೇಕು ಎಂಬ ಮೇಲ್ ಬಂದಾಗ ನಾನು ಬೆಂಗಳೂರಿನ ಹೊರ ವರ್ತುಲ ರಸ್ತೆಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೀಮ್ ಮ್ಯಾನೇಜರ್ ಆಗಿದ್ದೆ. ಮೇಲಿನವರ ಆದೇಶವನ್ನು ಜಾರಿ ಮಾಡುವುದೂ ನನ್ನ ಕೆಲಸ, ಕೆಳಗಿನವರ ಸಿಟ್ಟನ್ನು ಕೇಳಿಸಿಕೊಳ್ಳುವುದೂ ನನ್ನ ಕೆಲಸ. ಮೂರು ದಿನ ಹೆಚ್ಚೋ ಕಡಿಮೆಯೋ ಎಂಬ ವಾದದಲ್ಲೇ ಮೊದಲ ಕೆಲವು ವಾರ ಕಳೆದುಹೋದವು. ಆಮೇಲೆ ತಿಳಿದದ್ದೇನೆಂದರೆ, ನಮ್ಮ ಟೀಮಿನಲ್ಲಿ ಮೂರು ದಿನಕ್ಕೆ ತಕರಾರು ಇದ್ದವರು ಬಹಳ ಕಡಿಮೆ. ಜಗಳ ಇದ್ದದ್ದು ಆದೇಶದ ಕೊನೆಯಲ್ಲಿ ಸಣ್ಣದಾಗಿ ಸೇರಿಸಿದ್ದ ಒಂದು ಸಾಲಿಗೆ: ಬಂದ ದಿನ ಸರಾಸರಿ ಒಂಬತ್ತು ಗಂಟೆ ಸ್ವೈಪ್ ಇರಬೇಕು.

ಆ ಸಾಲು ಏನು ಮಾಡಿತು ಎಂಬುದಕ್ಕೆ ನಮ್ಮ ಟೀಮಿನ ಟೆಸ್ಟರ್ ಒಬ್ಬರ ಲೆಕ್ಕವನ್ನೇ ಹೇಳುತ್ತೇನೆ. ಆಕೆಯ ಮನೆ ವಿದ್ಯಾರಣ್ಯಪುರ, ಆಫೀಸು ಕಾಡುಬೀಸನಹಳ್ಳಿ. ಗಂಡನಿಗೆ ಪೀಣ್ಯದ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಬೆಳಗಿನ ಪಾಳಿ ಇರುವ ವಾರ ಮಗು ಏಳುವ ಮೊದಲೇ ಹೊರಡುತ್ತಾರೆ, ಮಧ್ಯಾಹ್ನದ ಪಾಳಿ ಇದ್ದರೆ ಮಗು ಮಲಗಿದ ಮೇಲೆ ಬರುತ್ತಾರೆ. ಮೂರು ವರ್ಷದ ಮಗಳನ್ನು ಬಿಡುವ ಡೇ ಕೇರ್ ಎಂಟಕ್ಕೆ ಬಾಗಿಲು ತೆರೆಯುತ್ತದೆ, ಸಂಜೆ ಏಳಕ್ಕೆ ಮುಚ್ಚುತ್ತದೆ. ಎಂಟಕ್ಕೆ ಮಗುವನ್ನು ಬಿಟ್ಟು ಹೊರಟರೆ ಹೆಬ್ಬಾಳ, ಕೆ.ಆರ್. ಪುರ, ಮಾರತ್‌ಹಳ್ಳಿ ದಾಟಿ ಆಫೀಸಿನ ಗೇಟು ಮುಟ್ಟುವಾಗ ಹತ್ತು ಗಂಟೆ. ಅಲ್ಲಿಂದ ಒಂಬತ್ತು ಗಂಟೆ ಎಣಿಸಿದರೆ ಸಂಜೆ ಏಳು. ಅಂದರೆ ಆಕೆ ಆಫೀಸಿನಿಂದ ಹೊರಗೆ ಕಾಲಿಡುವ ಹೊತ್ತಿಗೆ ಸರಿಯಾಗಿ ಡೇ ಕೇರ್ ಮುಚ್ಚಿರುತ್ತದೆ. ಮನೆ ಇನ್ನೂ ಎರಡು ಗಂಟೆಯ ದೂರ.

"ಇದರಲ್ಲಿ ನಾನು ಎಲ್ಲಿ ಹೊಂದಿಸಿಕೊಳ್ಳಲಿ, ನೀವೇ ತೋರಿಸಿ" ಎಂದು ಆಕೆ ಹಾಳೆಯ ಮೇಲೆ ಬರೆದು ನನ್ನ ಮುಂದಿಟ್ಟರು. ಹೊಂದಿಸಲು ಜಾಗವೇ ಇರಲಿಲ್ಲ.

ಎಚ್‌ಆರ್ ಕಡೆಯಿಂದ ಬಂದ ಉತ್ತರ, ಕ್ಯಾಂಪಸ್ ಪಕ್ಕದಲ್ಲಿ ನಮ್ಮದೇ ಶಿಶುಪಾಲನಾ ಕೇಂದ್ರ ಇದೆಯಲ್ಲ ಎಂಬುದು. 2017ರ ತಿದ್ದುಪಡಿಯ ನಂತರ ಹೆರಿಗೆ ಸೌಲಭ್ಯ ಕಾಯ್ದೆಯ ಪ್ರಕಾರ ಐವತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆ ಇಂಥ ವ್ಯವಸ್ಥೆ ಮಾಡಲೇಬೇಕಿತ್ತು. ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಬಹುದಿತ್ತು. ಕಂಪನಿ ಅದನ್ನು ಪಾಲಿಸಿತ್ತು. ಕೇಂದ್ರ ಚೆನ್ನಾಗಿಯೂ ಇತ್ತು. ಆದರೆ ಅದರ ಉಪಯೋಗ ಬೆಳ್ಳಂದೂರು, ಮಾರತ್‌ಹಳ್ಳಿ ಕಡೆ ಇರುವವರಿಗೆ. ವಿದ್ಯಾರಣ್ಯಪುರದ ಮಗು ಅಲ್ಲಿಗೆ ಬರಬೇಕೆಂದರೆ ಅದೂ ತಾಯಿಯ ಜೊತೆ ದಿನಕ್ಕೆ ನಾಲ್ಕು ಗಂಟೆ ಕ್ಯಾಬಿನಲ್ಲಿ ಕೂರಬೇಕು. ಮೇಲಾಗಿ ಆಫೀಸು ವಾರಕ್ಕೆ ಮೂರೇ ದಿನ; ಉಳಿದ ಎರಡು ದಿನಕ್ಕೆ ಮನೆ ಹತ್ತಿರದ ಡೇ ಕೇರಿಗೂ ಪೂರ್ತಿ ತಿಂಗಳ ಫೀಸು ಕಟ್ಟಬೇಕು. ಕಾಯ್ದೆ ಪಾಲಿಸಿದ್ದೇವೆ ಎನ್ನುವುದೂ, ಸಮಸ್ಯೆ ಬಗೆಹರಿದಿದೆ ಎನ್ನುವುದೂ ಬೇರೆ ಬೇರೆ.

ಮ್ಯಾನೇಜ್‌ಮೆಂಟಿನ ಮಾತಿನಲ್ಲಿ ಹುರುಳಿಲ್ಲ ಎಂದಲ್ಲ. ಮನೆಯಿಂದಲೇ ಕೆಲಸಕ್ಕೆ ಸೇರಿದ್ದ ಹುಡುಗರು ಕೋಡ್ ಎಲ್ಲೋ ಸಿಕ್ಕಿಕೊಂಡರೆ ಅರ್ಧ ದಿನ ಸುಮ್ಮನೆ ಕೂತಿರುತ್ತಿದ್ದರು. ಪಕ್ಕದಲ್ಲಿ ಸೀನಿಯರ್ ಇದ್ದಿದ್ದರೆ ಅದು ಐದು ನಿಮಿಷದ ಕೆಲಸ. ಆದರೆ ಆ ಕಾರಣವನ್ನು ಬಿಡಿಸಿ ಹೇಳುವ ಬದಲು ಅವರು ನಮಗೆ ಕಳಿಸಿದ್ದು ಸ್ವೈಪ್ ಶೀಟು. ಪ್ರತಿ ಸೋಮವಾರ ಬರುತ್ತಿದ್ದ ಆ ಶೀಟಿನಲ್ಲಿ ಒಂಬತ್ತು ಗಂಟೆ ಮುಟ್ಟದವರ ಹೆಸರು ಕೆಂಪು. ಪಕ್ಕದ ಬ್ಲಾಕಿನಲ್ಲಿ ಮೀಟಿಂಗಿಗೆ ಹೋದ ಹೊತ್ತನ್ನು ಅದು ಹೊರಗಿದ್ದ ಹೊತ್ತು ಎಂದು ಎಣಿಸುತ್ತಿತ್ತು. ಮುಂದೆ ಹೋದವರು ತೆರೆದ ಬಾಗಿಲಲ್ಲೇ ಹಿಂದೆ ನುಗ್ಗಿದವರ ಲೆಕ್ಕ ತಪ್ಪುತ್ತಿತ್ತು. ಕ್ಯಾಂಟೀನಿನಲ್ಲಿ ಹರಟುತ್ತ ಹೊತ್ತು ಕಳೆದವರು ಮಾತ್ರ ಹಸಿರಾಗಿ ಕಾಣುತ್ತಿದ್ದರು.

ನಂಬಿಕೆ ಕೆಟ್ಟದ್ದು ಇಲ್ಲಿ. 2020ರ ಮಾರ್ಚಿನಿಂದ ಇದೇ ಜನ ಅಡುಗೆಮನೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ರಾತ್ರಿ ರಿಲೀಸ್‌ಗಳನ್ನು ದಡ ಮುಟ್ಟಿಸಿದ್ದರು. ಆಗ ಯಾರೂ ಗಂಟೆ ಎಣಿಸಿರಲಿಲ್ಲ. ಈಗ ಎಣಿಸಲು ಶುರು ಮಾಡಿದ ಮೇಲೆ ಅವರೂ ಎಣಿಸತೊಡಗಿದರು. ಒಂಬತ್ತು ಗಂಟೆ ಮುಗಿದ ಮೇಲೆ ಫೋನ್ ಎತ್ತುವುದು ನಿಂತಿತು. ಆಫೀಸಿಗೆ ಬಂದವರು ಮಾಡುತ್ತಿದ್ದುದಾದರೂ ಏನು? ನಮ್ಮ ಅರ್ಧ ಟೀಮು ಪುಣೆ, ಚೆನ್ನೈಗಳಲ್ಲಿ. ಹಾಗಾಗಿ ಒಂದೇ ಸಾಲಿನಲ್ಲಿ ಕೂತವರೆಲ್ಲ ಹೆಡ್‌ಫೋನ್ ಹಾಕಿಕೊಂಡು, ಪಕ್ಕದವರ ಮಾತನ್ನೂ ಟೀಮ್ಸ್ ಕಾಲಿನಲ್ಲೇ ಕೇಳುತ್ತಿದ್ದರು.

ವಿನಾಯಿತಿ ಬೇಕಾದವರು ಫಾರ್ಮ್ ತುಂಬಬಹುದಿತ್ತು. ಅದು ಇನ್ನೊಂದು ತೊಡಕಾಯಿತು. ಮನೆಯ ಕಷ್ಟವನ್ನೆಲ್ಲ ಬಿಚ್ಚಿ ಬರೆಯಬೇಕು, ನಾನು ಸಹಿ ಹಾಕಬೇಕು, ಮೂರು ತಿಂಗಳಿಗೆ ಮತ್ತೆ ಬರೆಯಬೇಕು. ಬರೆದವರೆಲ್ಲ ಹೆಂಗಸರೇ. ಅದೇ ತೊಂದರೆ ಇದ್ದ ಒಬ್ಬ ತಂದೆ ಕೇಳಲು ಸಂಕೋಚಪಟ್ಟು, ಸ್ವೈಪ್ ಮಾಡಿ ಮೂರಕ್ಕೇ ಸದ್ದಿಲ್ಲದೆ ಮನೆಗೆ ಹೋಗಿ ಅಲ್ಲಿಂದ ಕೆಲಸ ಮುಗಿಸುತ್ತಿದ್ದ. ಶೀಟಿನಲ್ಲಿ ಅವನು ಬೇಜವಾಬ್ದಾರಿಯವನಾದ, ಫಾರ್ಮ್ ತುಂಬಿದವರು ರಿಯಾಯಿತಿ ಪಡೆದವರಾದರು. ಹಕ್ಕಿನಂತೆ ಎಲ್ಲರಿಗೂ ಸಿಗಬೇಕಾದದ್ದು ಒಬ್ಬೊಬ್ಬರಿಗೆ ಮಾಡಿದ ಉಪಕಾರದಂತೆ ಆದರೆ, ಪಡೆದವರಿಗೂ ಪಡೆಯದವರಿಗೂ ಮನಸ್ಸು ಕಹಿಯಾಗುತ್ತದೆ.

ಕೊನೆಗೆ ನಮ್ಮ ವಿಭಾಗದ ಮುಖ್ಯಸ್ಥರ ಮುಂದೆ ಇಟ್ಟದ್ದು ಆ ಟೆಸ್ಟರ್ ಬರೆದ ಹಾಳೆಯನ್ನೇ. ದಿನ ಕಡಿಮೆ ಮಾಡಿ ಎಂದು ಕೇಳಲಿಲ್ಲ. ಗಂಟೆ ಬಿಡಿಸಿ ಎಂದು ಕೇಳಿದೆವು. ಬೆಳಿಗ್ಗೆ ಹತ್ತರಿಂದ ನಾಲ್ಕರವರೆಗೆ ಬಂದವರೆಲ್ಲ ಸೀಟಿನಲ್ಲಿರಬೇಕು. ಉಳಿದ ಕೆಲಸ ಮನೆಯಿಂದ. ಮೂರು ದಿನದಲ್ಲಿ ಬುಧವಾರ ಇಡೀ ಟೀಮಿಗೆ ಸಮಾನ. ಹೊಸಬರ ಕೋಡ್ ನೋಡುವುದು, ಡಿಸೈನ್ ಚರ್ಚೆ ಎಲ್ಲ ಅಂದೇ, ಎದುರುಬದುರು ಕೂತು. ಇದಕ್ಕೆ ಫಾರ್ಮ್ ಬೇಡ, ಕಾರಣ ಬೇಡ, ಗಂಡಸು ಹೆಂಗಸು ಎಂಬ ಭೇದ ಬೇಡ. ಒಂದು ತ್ರೈಮಾಸಿಕ ನೋಡೋಣ ಎಂದರು.

ಟೆಸ್ಟರ್ ಲೆಕ್ಕ ಈಗ ಹೀಗಾಯಿತು. ನಾಲ್ಕಕ್ಕೆ ಹೊರಟರೆ ಸಂಜೆಯ ಟ್ರಾಫಿಕ್ ಕಟ್ಟುವ ಮೊದಲೇ ಮಾರತ್‌ಹಳ್ಳಿ ದಾಟಬಹುದು. ಐದೂವರೆ, ಹೆಚ್ಚೆಂದರೆ ಆರಕ್ಕೆ ಮಗಳು ಕೈಯಲ್ಲಿ. ಕ್ಯಾಲಿಫೋರ್ನಿಯಾದ ಕ್ಲೈಂಟಿಗೆ ಬೆಳಿಗ್ಗೆ ಏಳು ಎಂದರೆ ಬೇಸಿಗೆಯಲ್ಲಿ ನಮಗೆ ಸಂಜೆ ಏಳೂವರೆ. ಮೊದಲೆಲ್ಲ ಆ ಹೊತ್ತಿನ ಕ್ಲೈಂಟ್ ಕಾಲನ್ನು ಆಕೆ ಕ್ಯಾಬಿನಲ್ಲಿ ತೆಗೆದುಕೊಳ್ಳುತ್ತಿದ್ದರು. ನಾಗವಾರದ ಬಳಿ ದನಿ ಕಡಿದುಹೋಗಿ, ಹೇಳಿದ್ದನ್ನೇ ಮತ್ತೆ ಹೇಳಬೇಕಾಗುತ್ತಿತ್ತು. ಈಗ ಮನೆಯ ಮೇಜಿನಿಂದ, ಬಗ್ ಲಿಸ್ಟ್ ಮುಂದಿಟ್ಟುಕೊಂಡು. ಕಂಪನಿಗೆ ಒಂದು ಗಂಟೆಯೂ ನಷ್ಟವಾಗಲಿಲ್ಲ.

ಎಲ್ಲವೂ ಸರಿಹೋಯಿತೆಂದು ಹೇಳಲಾರೆ. ಕೊರೊನಾ ಕಾಲದಲ್ಲಿ ಶಿವಮೊಗ್ಗಕ್ಕೆ ಮರಳಿ, ವಯಸ್ಸಾದ ತಂದೆ ತಾಯಿ ಜೊತೆ ಮನೆ ಮಾಡಿದ್ದ ಒಬ್ಬ ಡೆವಲಪರ್‌ಗೆ ನಾಲ್ಕಕ್ಕೆ ಹೊರಡುವ ಅನುಕೂಲದಿಂದ ಏನೂ ಆಗುವಂತಿರಲಿಲ್ಲ. ಆತ ರಾಜೀನಾಮೆ ಕೊಟ್ಟ, ನಾವು ಒಳ್ಳೆಯ ಕೆಲಸಗಾರನನ್ನು ಕಳೆದುಕೊಂಡೆವು. ಗಂಟೆ ಹೊಂದಿಸಿ ಬಗೆಹರಿಸಬಹುದಾದದ್ದು ಊರಿನೊಳಗಿನ ದೂರವನ್ನು ಮಾತ್ರ.

ಈಗ ಬೇರೆ ಕಂಪನಿಗಳ ಗೆಳೆಯರು ನಮ್ಮಲ್ಲೂ ಆದೇಶ ಬಂತು ಎಂದು ಫೋನ್ ಮಾಡಿದರೆ, ಎಷ್ಟು ದಿನ ಎಂದು ನಾನು ಮೊದಲು ಕೇಳುವುದಿಲ್ಲ. ಎಷ್ಟು ಹೊತ್ತಿಗೆ ಹೊರಗೆ ಬಿಡುತ್ತಾರೆ, ನಿಮ್ಮವರ ಡೇ ಕೇರ್‌ಗಳು ಎಷ್ಟಕ್ಕೆ ಮುಚ್ಚುತ್ತವೆ ಎಂದು ಕೇಳುತ್ತೇನೆ. ಈ ಎರಡನ್ನೂ ಒಂದೇ ಹಾಳೆಯಲ್ಲಿ ಬರೆದು ಮೀಟಿಂಗಿಗೆ ಹೋಗಿ ಎನ್ನುತ್ತೇನೆ. ಕಷ್ಟ ಇದೆ ಎಂದಷ್ಟೇ ಹೇಳಿದರೆ ಎಲ್ಲರಿಗೂ ಇದೆ ಎಂಬ ಉತ್ತರ ಸಿಗುತ್ತದೆ. ಏಳಕ್ಕೆ ಮುಚ್ಚುವ ಬಾಗಿಲಿಗೆ ಒಂಬತ್ತಕ್ಕೆ ತಲುಪುವುದು ಹೇಗೆ ಎಂದು ಕೇಳಿದರೆ ಮ್ಯಾನೇಜ್‌ಮೆಂಟೂ ಪೆನ್ನು ಹಿಡಿದು ಲೆಕ್ಕಕ್ಕೆ ಕೂರಬೇಕಾಗುತ್ತದೆ.