ನಮ್ಮ ಕಡೆಯ ದುರ್ಬಲ ವಾದ: ಒಂಬತ್ತನೇ ತರಗತಿಯ ಎರಡು ಪಾಠಗಳ ಟಿಪ್ಪಣಿ

ಅಭ್ಯಾಸ ಬೋಧನೆಗೆ ನನ್ನನ್ನು ಕಳಿಸಿದ್ದು ರಿಪ್ಪನ್‌ಪೇಟೆಯ ಒಂದು ಪ್ರೌಢಶಾಲೆಗೆ. ಒಂಬತ್ತನೇ ತರಗತಿಗೆ 'ಹೇಳಿಕೆ ಮತ್ತು ವಾದ' ಎಂಬ ಪಾಠ ಮಾಡಬೇಕಿತ್ತು. ಸ್ಪರ್ಧಾತ್ಮಕ ಪರೀಕ್ಷೆ ಬರೆದವರಿಗೆ ಈ ಪ್ರಶ್ನೆಯ ರೂಪ ಗೊತ್ತು. ಮೇಲೆ ಒಂದು ಪ್ರಸ್ತಾವ ಇರುತ್ತದೆ, ಕೆಳಗೆ 'ಹೌದು' ಅಥವಾ 'ಬೇಡ' ಎಂದು ಶುರುವಾಗುವ ಕೆಲವು ವಾದಗಳು. ಯಾವುದು ಪ್ರಬಲ, ಯಾವುದು ದುರ್ಬಲ ಎಂದು ಹೇಳಬೇಕು. ಸಮವಸ್ತ್ರ ಬೇಕೆ, ಮೊಬೈಲ್ ಬೇಕೆ ಎಂಬ ಉದಾಹರಣೆಗಳು ಮಕ್ಕಳಿಗೆ ಹಳಸಿಹೋಗಿವೆ. ಹಾಗಾಗಿ ಪಾಠಯೋಜನೆಯಲ್ಲಿ ನಾನು ಬರೆದುಕೊಂಡ ಪ್ರಸ್ತಾವ ಬೇರೆ: 'ಲಿಂಗನಮಕ್ಕಿಯಿಂದ ಬೆಂಗಳೂರಿಗೆ ಕುಡಿಯುವ ನೀರು ಒಯ್ಯಬೇಕೆ?'

2019ರಲ್ಲಿ ಸರ್ಕಾರ ಈ ಮಾತೆತ್ತಿದಾಗ ಸಾಗರ, ಹೊಸನಗರ, ತೀರ್ಥಹಳ್ಳಿಯ ಜನ ಬೀದಿಗಿಳಿದಿದ್ದರು. ಜುಲೈ 10ರಂದು ಇಡೀ ಶಿವಮೊಗ್ಗ ಜಿಲ್ಲೆ ಬಂದ್ ಆಗಿತ್ತು. ತರಗತಿಯ ಕೆಲವು ಮಕ್ಕಳ ಅಜ್ಜ ಅಜ್ಜಿಯರು ಲಿಂಗನಮಕ್ಕಿ ಹಿನ್ನೀರಿನಲ್ಲಿ ಮನೆ, ಗದ್ದೆ ಕಳೆದುಕೊಂಡು ಬಂದವರು. ವಿಷಯ ಹತ್ತಿರದ್ದಾದರೆ ಪಾಠ ಸಲೀಸು ಎಂದುಕೊಂಡಿದ್ದೆ. ಆಗಿದ್ದು ತಿರುಗುಮುರುಗು.

ಮೊದಲ ದಿನ ಕಪ್ಪುಹಲಗೆಯ ಮೇಲೆ ಐದು ವಾದ ಬರೆದೆ. ಎರಡು 'ಹೌದು': ನೀರು ಸುಮ್ಮನೆ ಸಮುದ್ರ ಸೇರಿ ಪೋಲಾಗುತ್ತಿದೆ, ಬೆಂಗಳೂರಿಗೆ ಇದೊಂದೇ ದಾರಿ. ಮೂರು 'ಬೇಡ': ನೀರನ್ನು ಮೇಲೆತ್ತಲು ಅಪಾರ ವಿದ್ಯುತ್ ಬೇಕು, ಸಾಗರದ ನಾ. ಡಿಸೋಜರಂಥ ಹಿರಿಯ ಸಾಹಿತಿಗಳೇ ವಿರೋಧಿಸಿದ್ದಾರೆ. ಅಣೆಕಟ್ಟೆಗಾಗಿ ನಮ್ಮವರು ಈಗಾಗಲೇ ಊರು ಕಳೆದುಕೊಂಡಿದ್ದಾರೆ. ಪುಸ್ತಕದಲ್ಲಿ ಉತ್ತರ ಬರೆಯಲು ಹೇಳಿದೆ. ಹೆಚ್ಚುಕಡಿಮೆ ಎಲ್ಲರೂ ಮೂರು 'ಬೇಡ'ಗಳನ್ನೂ ಪ್ರಬಲ ಎಂದೂ, ಎರಡು 'ಹೌದು'ಗಳನ್ನೂ ದುರ್ಬಲ ಎಂದೂ ಬರೆದಿದ್ದರು. ಅವರು ವಾದವನ್ನು ತೂಗಿರಲಿಲ್ಲ, ತಮ್ಮ ಪಕ್ಷವನ್ನು ಹೇಳಿದ್ದರು.

ನನ್ನ ತಪ್ಪು ಆಮೇಲಿನದು. ಐದನೆಯದನ್ನು ತೋರಿಸಿ, 'ಇದು ಭಾವನೆಯ ಮಾತು, ಆದ್ದರಿಂದ ದುರ್ಬಲ' ಎಂದುಬಿಟ್ಟೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, 'ಮೇಡಂ, ಅದು ಭಾವನೆ ಅಲ್ಲ, ನಮ್ಮಜ್ಜನ ಗದ್ದೆ' ಎಂದಳು. ತರಗತಿ ತಣ್ಣಗಾಯಿತು. ಉಳಿದ ಹತ್ತು ನಿಮಿಷ ನಾನು ಮಾತಾಡಿದ್ದನ್ನು ಯಾರೂ ಬರೆದುಕೊಳ್ಳಲಿಲ್ಲ.

ವೀಕ್ಷಣೆಗೆ ಕೂತಿದ್ದ ನಮ್ಮ ಮಾರ್ಗದರ್ಶಕ ಉಪನ್ಯಾಸಕರು ಸಂಜೆ ಒಂದೇ ಪ್ರಶ್ನೆ ಕೇಳಿದರು: 'ದುರ್ಬಲ ಅಂದರೆ ಸುಳ್ಳು ಅಂತಲಾ?' ಅಲ್ಲ. ಇಂಥ ಪ್ರಶ್ನೆಗಳಲ್ಲಿ ವಾದದೊಳಗಿನ ಸಂಗತಿಯನ್ನು ಸಾಮಾನ್ಯವಾಗಿ ನಿಜವೆಂದೇ ಒಪ್ಪಿಕೊಂಡು ಹೊರಡುತ್ತೇವೆ. ನಿಜವಾದರೂ ಅದು ಈ ಪ್ರಸ್ತಾವಕ್ಕೆ ತಾಗುತ್ತದೆಯೇ, ತಾಗಿದರೂ ನಿರ್ಧಾರವನ್ನು ಅಲುಗಿಸುವಷ್ಟು ಭಾರ ಅದಕ್ಕಿದೆಯೇ ಎಂಬುದಷ್ಟೇ ಪ್ರಶ್ನೆ. ಮಕ್ಕಳು ಅದನ್ನು 'ಸರಿಯೋ ತಪ್ಪೋ' ಎಂದು ಓದಿಕೊಂಡಿದ್ದರು. ಹಾಗೆ ಓದುವಂತೆ ಮಾಡಿದವಳು ನಾನೇ.

ಎರಡನೇ ದಿನ ಅದೇ ಐದು ವಾಕ್ಯಗಳು. ಆದರೆ ಪ್ರತಿ ವಾಕ್ಯದ ಮೊದಲಿನ 'ಹೌದು', 'ಬೇಡ'ಗಳನ್ನು ಡಸ್ಟರಿನಿಂದ ಒರೆಸಿಬಿಟ್ಟೆ. ಉಳಿದ ಕಾರಣವನ್ನು ಓದಿ ಎರಡು ಪ್ರಶ್ನೆ ಕೇಳಬೇಕು. ಇದು ನಿಜವೆಂದೇ ಇಟ್ಟುಕೊಂಡರೆ, ಎದುರು ಪಕ್ಷದವನು ನಿಂತು ಉತ್ತರ ಕೊಡಲೇಬೇಕಾಗುತ್ತದೆಯೇ? ಅಥವಾ 'ಇರಲಿ, ಅದಕ್ಕೂ ಇದಕ್ಕೂ ಏನು?' ಎಂದು ದಾಟಿ ಹೋಗಬಹುದೇ?

ವಿದ್ಯುತ್ತಿನ ವಾದದಿಂದ ಶುರುಮಾಡಿದೆವು. ಲಿಂಗನಮಕ್ಕಿಯ ಪೂರ್ಣಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಬೆಂಗಳೂರು ಇರುವುದು ಸುಮಾರು 3000 ಅಡಿ ಎತ್ತರದಲ್ಲಿ. ವ್ಯತ್ಯಾಸ ಹತ್ತಿರಹತ್ತಿರ 1200 ಅಡಿ, ಅಂದರೆ ಸುಮಾರು 365 ಮೀಟರ್. ಸಾವಿರ ಲೀಟರ್ ನೀರನ್ನು ಅಷ್ಟು ಎತ್ತರಕ್ಕೇರಿಸಲು ಬೇಕಾದ ಶಕ್ತಿ ಲೆಕ್ಕ ಹಾಕಿದರೆ ಸುಮಾರು ಒಂದು ಯೂನಿಟ್ ವಿದ್ಯುತ್ ಬರುತ್ತದೆ. ಪಂಪು, ಪೈಪುಗಳ ನಷ್ಟ ಸೇರಿದರೆ ಇನ್ನೂ ಹೆಚ್ಚು. ಅದೇ ನೀರು ಕೆಳಗಿಳಿದರೆ ಶರಾವತಿ ವಿದ್ಯುದಾಗಾರದಲ್ಲಿ ಒಮ್ಮೆ, ಗೇರುಸೊಪ್ಪೆಯಲ್ಲಿ ಇನ್ನೊಮ್ಮೆ ವಿದ್ಯುತ್ ಕೊಡುತ್ತದೆ. ಕೊಡುತ್ತಿದ್ದುದು ನಿಂತು, ಮೇಲಿಂದ ಕೇಳಲೂ ಶುರುವಾಗುತ್ತದೆ. ಯೋಜನೆಯ ನೇರ ಪರಿಣಾಮ ಇದು. ಎದುರಿನವನು ಉತ್ತರಿಸದೆ ದಾಟುವಂತಿಲ್ಲ. ಪ್ರಬಲ.

ಆಗ ಒಬ್ಬ ಹುಡುಗ, 'ಕಾವೇರಿ ನೀರನ್ನೂ ಬೆಂಗಳೂರಿಗೆ ಎತ್ತುತ್ತಾರಲ್ಲ ಮೇಡಂ?' ಎಂದ. ನಿಜ. ತೊರೆಕಾಡನಹಳ್ಳಿಯಿಂದ ಹಂತಹಂತವಾಗಿ ಪಂಪು ಮಾಡಿಯೇ ಕಾವೇರಿ ಬೆಂಗಳೂರು ಸೇರುವುದು. ಹಾಗಾದರೆ ನಮ್ಮ ವಾದ ದುರ್ಬಲವಾಯಿತೇ? ಇಲ್ಲ. ಅದಕ್ಕೊಂದು ಉತ್ತರ ಸಿಕ್ಕಿತು, ಅಷ್ಟೆ. ಪ್ರಬಲ ವಾದವೆಂದರೆ ಗೆದ್ದ ವಾದವಲ್ಲ, ಉತ್ತರ ಬೇಡುವ ವಾದ. ಒಂದೇ ಪ್ರಸ್ತಾವಕ್ಕೆ ಎರಡೂ ಕಡೆ ಪ್ರಬಲ ವಾದಗಳಿರಬಹುದು ಎಂದು ಮಕ್ಕಳಿಗೆ ಹೊಳೆದದ್ದು ಆ ಹುಡುಗನಿಂದ. ನನ್ನ ಪಾಠಯೋಜನೆಯಲ್ಲಿ ಅದು ಇರಲೇ ಇಲ್ಲ.

'ಇದೊಂದೇ ದಾರಿ' ಎಂಬುದನ್ನು ಬೇಗ ಮುಗಿಸಿದೆವು. 'ಒಂದೇ' ಎಂದಾಗ ಮಳೆನೀರು ಕೊಯ್ಲು, ಕೆರೆ, ಬಳಸಿದ ನೀರಿನ ಶುದ್ಧೀಕರಣ ಎಲ್ಲವನ್ನೂ ಒಂದು ಕಾರಣವೂ ಕೊಡದೆ ತಳ್ಳಿಹಾಕಿದಂತಾಯಿತು. 'ಬೆಂಗಳೂರಿನ ಲಕ್ಷಾಂತರ ಜನರಿಗೆ ಕುಡಿಯುವ ನೀರಿನ ಕೊರತೆಯಿದೆ, ಇದು ಅದನ್ನು ನೀಗುತ್ತದೆ' ಎಂದು ತಿದ್ದಿ ಬರೆದೆ. ಈಗ ಪ್ರಬಲವೇ? ಮಕ್ಕಳು ಮುಖ ಹುಳ್ಳಗೆ ಮಾಡಿಕೊಂಡು 'ಹೌದು' ಎಂದರು. ಇಡೀ ಪಾಠದಲ್ಲಿ ನನಗೆ ಅತಿ ಸಂತೋಷ ಕೊಟ್ಟ ಹೌದು ಅದು.

ಪೋಲಿನ ವಾದದಲ್ಲಿ ಹೇಳದೆ ಬಿಟ್ಟ ಒಂದು ಮಾತು ಅಡಗಿದೆ: ಸಮುದ್ರ ಸೇರುವ ನೀರಿನಿಂದ ಯಾರಿಗೂ ಪ್ರಯೋಜನವಿಲ್ಲ ಎಂಬುದು. ಆದರೆ ಆ ನೀರು ವಿದ್ಯುತ್ ಕೊಟ್ಟೇ ಹೊನ್ನಾವರಕ್ಕೆ ಹೋಗುತ್ತದೆ, ಅಲ್ಲಿ ಅಳಿವೆಯ ಮೀನುಗಾರರಿದ್ದಾರೆ. ಬಚ್ಚಿಟ್ಟ ಮಾತು ನಿಲ್ಲದಿದ್ದರೆ ಮೇಲಿನದೂ ನಿಲ್ಲುವುದಿಲ್ಲ. ಡಿಸೋಜರ ಹೆಸರಿಗೆ ಮಕ್ಕಳು ಸುಲಭಕ್ಕೆ ಬಗ್ಗಲಿಲ್ಲ. ಮುಳುಗಡೆಯ ಬದುಕನ್ನು ಕಾದಂಬರಿಯಾಗಿಸಿದವರ ಮಾತು ದುರ್ಬಲವೇ? ಅವರ ಮಾತಲ್ಲ, ನಮ್ಮ ವಾಕ್ಯ ದುರ್ಬಲ. ಅವರು ವಿರೋಧಿಸಿದರು ಎಂದಷ್ಟೇ ಬರೆದು, ಯಾಕೆ ಎಂಬುದನ್ನು ನಾವು ಬಿಟ್ಟಿದ್ದೇವೆ.

ಕೊನೆಗೆ ಅಜ್ಜನ ಗದ್ದೆ. ಈ ಸಲ ಆ ಹುಡುಗಿಯನ್ನೇ ಹಲಗೆಯ ಬಳಿ ಕರೆದೆ. 1964ರಲ್ಲಿ ಅಣೆಕಟ್ಟೆ ಮುಗಿದು ಊರು ಮುಳುಗಿದ್ದು ನಿಜ, ಅದರಲ್ಲಿ ಯಾರಿಗೂ ಅನುಮಾನವಿಲ್ಲ. ಇರುವ ಜಲಾಶಯಕ್ಕೇ ಪೈಪು ಹಾಕಿದರೆ ಹೊಸದಾಗಿ ಊರು ಮುಳುಗುತ್ತದೆಯೇ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಇಲ್ಲ' ಎಂದಳು. ಹಾಗಾದರೆ ಈ ಸಂಗತಿ ಯಾವ ಪ್ರಸ್ತಾವಕ್ಕೆ ಬಲ ಕೊಡುತ್ತದೆ? 'ಮುಳುಗಡೆಯವರ ಭೂಮಿಗೆ ಹಕ್ಕುಪತ್ರ ಕೊಡಬೇಕೆ' ಎಂದಿದ್ದರೆ ಇದಕ್ಕಿಂತ ಪ್ರಬಲ ವಾದ ಇನ್ನೊಂದಿಲ್ಲ. ನಾವು ಅದನ್ನು ಬೇರೆ ಪ್ರಶ್ನೆಯ ಕೆಳಗೆ ಬರೆದಿದ್ದೆವು. ಹಲಗೆಯ ಬಲಬದಿಯಲ್ಲಿ ಆ ಪ್ರಸ್ತಾವವನ್ನು ಬರೆದು, ವಾಕ್ಯವನ್ನು ಅಲ್ಲಿಗೆ ಸಾಗಿಸಿದೆವು. ಒರೆಸಲಿಲ್ಲ.

ಮೌಲ್ಯಮಾಪನಕ್ಕೆ ಮೂಲ ಪ್ರಸ್ತಾವದ ಮೇಲೆ ತಮ್ಮದೇ ಒಂದು ವಾದ ಬರೆದು ತರಲು ಹೇಳಿದ್ದೆ. ಆಕೆಯ ಪುಸ್ತಕದಲ್ಲಿ ಹೀಗಿತ್ತು: 'ಬೇಡ. ನೀರು ಹೋದರೆ ಕರೆಂಟು ಕಡಿಮೆಯಾಗುತ್ತದೆ. ಅದನ್ನು ತುಂಬಿಸಲು ಇನ್ನೊಂದು ಕಡೆ ಅಣೆಕಟ್ಟೆ ಕಟ್ಟಿದರೆ ಮತ್ತೆ ಯಾರದೋ ಅಜ್ಜನ ಗದ್ದೆ ಮುಳುಗುತ್ತದೆ.' 'ಕಟ್ಟಿದರೆ' ಎಂಬ ಪದದ ಕೆಳಗೆ ಗೆರೆ ಎಳೆದು, 'ಕಟ್ಟಲೇಬೇಕಾಗುತ್ತದೆಯೇ? ತೋರಿಸು' ಎಂದು ಬರೆದು ಪುಸ್ತಕ ಹಿಂದಿರುಗಿಸಿದೆ.